ಮನಿ ನೆನಪಾಗಾಕತ್ತೈತಿ ಅಂತ ಅಪ್ಪ-ಅವ್ವಗ ಬರೀಬೇಕು, ಆದ್ರ ಅವ್ರು ಗಾಬರಿ ಆಗಬಾರ್ದು. ಹೆಂಗ ಬರೀಲಿ?

ಕರದಂಟು_ಅಮೀನಗಡ
ಎಲ್ಲಾರಿಗೂ ನಮಸ್ಕಾರ್ರೀ. ನಂದು ಅಮೀನಗಡ ಹತ್ರ ಒಂದ್ ಹಳ್ಳಿ. ಈ ವರ್ಷ ಮೈಸೂರಾಗ ಬಿ.ಎಸ್ಸಿ ಫಸ್ಟ್ ಇಯರ್ ಸೇರೀನಿ, ಹಾಸ್ಟೆಲ್‌ನಾಗ ಇರ್ತೀನಿ. ನಮ್ಮನ್ಯಾಗ ಇಷ್ಟ ದೂರ ಓದಾಕ ಬಂದಾಕಿ ನಾನ ಮೊದಲನೇದಾಕಿ. ದಿನಾ ಫೋನ್ ಮಾಡಿದ್ರೂ ಊಟ ಆತೇನು, ಆತು, ಆರಾಮ ಅದಿಯೇನು, ಅದೀನಿ, ಇಷ್ಟಕ್ಕ ಮುಗೀತೈತಿ. ಇದ್ದದ್ದು ಹೇಳಬೇಕನಸ್ತೈತಿ ಆದ್ರ ಹೇಳಿದ್ರ ಅಪ್ಪ ಮರುದಿನ ಬಸ್ ಹತ್ತಿ ಬಂದ್ಬಿಡ್ತಾನ, ಈಗ ಗೋವಿನಜೋಳ ಕಟಾವು ನಡದೈತಿ. ಅದಕ್ಕ ವಾಟ್ಸಪ್‌ನಾಗ ಬರದು ಕಳಸೂನು ಅಂತ ನಿನ್ನೆ ರಾತ್ರಿ ಹಿಂಗ ಬರದಿಟ್ಟೀನಿ, ಕಳಿಸಿಲ್ಲ ಇನ್ನೂ:

"ಅಪ್ಪಾ ಅವ್ವಾ, ನಿಮಗ ಒಂದ್ ಮಾತ್ ಹೇಳಬೇಕಿತ್ತು. ನೀವು ಚಿಂತಿ ಮಾಡಬ್ಯಾಡ್ರಿ. ಇಲ್ಲಿ ನಂಗ ಭಾಳ ಬ್ಯಾಸರ ಆಗಾಕತ್ತೈತಿ. ಊಟ ಸೇರವಲ್ದು, ನಿದ್ದಿ ಬರವಲ್ದು, ಮನಿ ನೆನಪಾಗಿ ಅಳು ಬರ್ತೈತಿ. ನಿಮಗ ತ್ರಾಸ ಆಗಬಾರ್ದಂತ ಇಷ್ಟ ದಿನ ಹೇಳಿರ್ಲಿಲ್ಲ. ಆದ್ರ ನಾ ಆರಾಮ ಅದೀನಿ."

ಓದಿದ್ರ ನಂಗ ಹೆದರಿಕಿ ಬರ್ತೈತಿ, ಅವ್ರಿಗೆ ಬರೂದಿಲ್ಲೇನು? ಹೆಂಗ ತಿದ್ಲಿ ಹೇಳ್ರಿ.

ಕೂಲ್_ಮಗಾ
ಸಿಸ್ಟರ್ ಸಿಂಪಲ್, ಹೇಳ್ಲೇಬೇಡಿ. ನಾನು ಪಿಜಿಲಿದ್ದಾಗ ಒಂದ್ ದಿನಾನೂ ಹೇಳಿಲ್ಲ, ಫ್ರೆಂಡ್ಸ್ ಜೊತೆ ನಗ್ತಿರೋ ಫೋಟೋ ಕಳಿಸ್ತಿದ್ದೆ ಅಷ್ಟೇ, ಮನೇಲಿ ಎಲ್ರೂ ಖುಷ್. ಹೇಳಿ ಏನ್ ಪ್ರಯೋಜನ, ಅವ್ರು ಅಲ್ಲಿಂದ ಏನ್ ಮಾಡಕ್ಕಾಗುತ್ತೆ? ಟೈಮ್ ಹೋದಂಗೆ ತಾನೇ ಸರಿಹೋಗುತ್ತೆ, ಎಲ್ರಿಗೂ ಆಗೋದೇ ಇದು.

ಎಂಜಿನಿಯರ್_ಮಾಮ
ಕಾಲೇಜು ಹಿಡಿಸ್ತಿಲ್ಲ ಅಂದ್ರೆ ತಡ ಮಾಡ್ಬೇಡಮ್ಮ, ಬಾಗಲಕೋಟೆಯಲ್ಲೇ ಒಳ್ಳೆ ಕಾಲೇಜಿವೆ. ಸೆಮಿಸ್ಟರ್ ಮುಗಿಯೋಕ್ಕೆ ಮುಂಚೆ ಟಿ.ಸಿ ಗೆ ಅರ್ಜಿ ಕೊಡು, ಆಮೇಲೆ ಅಡ್ಮಿಷನ್ ಸಿಗೋದು ಕಷ್ಟ. ಫೀಸ್ ವಾಪಸ್ ಬಗ್ಗೆ ಆಫೀಸಲ್ಲಿ ವಿಚಾರಿಸು.

ಕರದಂಟು_ಅಮೀನಗಡ
ಮಾಮಾ ನಾ ಕಾಲೇಜ್ ಬಿಡೂ ಮಾತ ಆಡಿಲ್ರೀ 😅 ಕಾಲೇಜ್ ಚೊಲೋ ಐತಿ. ಮನಿ ನೆನಪಾಗ್ತೈತಿ ಅಷ್ಟ.

ವಾರ್ಡನ್_ಅಕ್ಕ
ಶಿವಮೊಗ್ಗದಲ್ಲಿ ಹುಡುಗಿಯರ ಹಾಸ್ಟೆಲ್ ನೋಡ್ಕೊಂಡು ತುಂಬಾ ವರ್ಷ ಆಯ್ತು, ಪ್ರತಿ ವರ್ಷ ಆಗಸ್ಟ್‌ನಿಂದ ದೀಪಾವಳಿ ತನಕ ಇದೇ ನಡೆಯುತ್ತೆ. ನಿಮ್ಮ ಡ್ರಾಫ್ಟ್ ಬಗ್ಗೆ ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ.

ನೀವು ಬರ್ದಿರೋದನ್ನ ನಿಮ್ಮ ಅಪ್ಪ ಹೇಗೆ ಓದ್ತಾರೆ ನೋಡಿ. "ಒಂದ್ ಮಾತ್ ಹೇಳಬೇಕಿತ್ತು" ಅಂದ ಕೂಡ್ಲೇ ಅವ್ರ ಎದೆ ಧಸಕ್ ಅಂದಿರುತ್ತೆ, ಮುಂದಿನ ಸಾಲು ಓದೋ ಮುಂಚೆನೇ. ಅದಾದ್ಮೇಲೆ "ಚಿಂತಿ ಮಾಡಬ್ಯಾಡ್ರಿ", ಏನೂ ಆಗದೆ ಯಾರೂ ಆ ಮಾತು ಹೇಳಲ್ಲ ಅನ್ನೋದು ಹೆತ್ತವರಿಗೆ ಚೆನ್ನಾಗಿ ಗೊತ್ತು. ಆದ್ರೆ ಎಲ್ಲಕ್ಕಿಂತ ಕೆಟ್ಟದ್ದು "ಇಷ್ಟ ದಿನ ಹೇಳಿರ್ಲಿಲ್ಲ" ಅನ್ನೋದು. ಅಂದ್ರೆ ನೀವು ದಿನಾ ಫೋನಲ್ಲಿ ಹೇಳಿದ ಆರಾಮ ಎಲ್ಲ ಸುಳ್ಳು ಅಂತಾಯ್ತು, ಇನ್ನು ಮುಂದೆ ನಿಜವಾಗ್ಲೂ ಆರಾಮಾಗಿದ್ದಾಗ ಹೇಳಿದ್ರೂ ನಂಬಲ್ಲ. ಕೂಲ್ ಮಗಾ ಹೇಳಿದ್ದರಲ್ಲಿ ಅರ್ಧ ಸರಿ, ಹೆಚ್ಚಿನವರಿಗೆ ಕೆಲವು ವಾರದಲ್ಲಿ ತಾನೇ ಕಮ್ಮಿ ಆಗುತ್ತೆ. ಆದ್ರೆ ಬರೀ ನಗೋ ಫೋಟೋ ಕಳಿಸೋ ಮಕ್ಕಳ ಅಮ್ಮಂದಿರೇ ನನಗೆ ಫೋನ್ ಮಾಡಿ "ಮೇಡಂ ಅವಳು ನಿಜವಾಗ್ಲೂ ಚೆನ್ನಾಗಿದ್ದಾಳಾ" ಅಂತ ಕೇಳೋದು. ಧ್ವನಿಯಲ್ಲಿ ಗೊತ್ತಾಗಿಬಿಡುತ್ತೆ ಅವ್ರಿಗೆ.

ಈಗ ನನ್ನ ಪ್ರಶ್ನೆ. ನಿದ್ದೆ ಬರಲ್ಲ, ಊಟ ಸೇರಲ್ಲ ಅಂತ ಬರ್ದಿದೀರಲ್ಲ, ಅದು ದಿನಾನಾ? ನಿನ್ನೆ ರಾತ್ರಿ ಎಷ್ಟೊತ್ತಿಗೆ ಮಲಗಿದ್ರಿ, ಇವತ್ತು ಏನು ತಿಂದ್ರಿ? ಕ್ಲಾಸ್ ತಪ್ಪಿಸ್ತಿದೀರಾ? ಯಾವಾಗ ಜಾಸ್ತಿ ಆಗುತ್ತೆ? ಮುಚ್ಚುಮರೆ ಇಲ್ದೆ ಹೇಳಿ, ಅದರ ಮೇಲೆ ಮೆಸೇಜ್ ನಿಂತಿರೋದು.

ಕರದಂಟು_ಅಮೀನಗಡ
ಅಕ್ಕಾರ ನೀವ್ ಕೇಳಿದ ಮ್ಯಾಲ ಕುಂತು ವಿಚಾರ ಮಾಡಿದೆ. ನಿದ್ದಿ ದಿನಾ ಬರ್ತೈತಿ. ಐತವಾರ ರಾತ್ರಿ ಅಷ್ಟ ಬರೂದಿಲ್ಲ, ಅವತ್ತ ರೂಮಿನವ್ರೆಲ್ಲ ಊರಿಗೆ ಹೋಗಿ ಬಂದಿರ್ತಾರ, ಒಬ್ಬಾಕಿ ಹಾಸನದಾಕಿ ಒಬ್ಬಾಕಿ ಮಂಡ್ಯದಾಕಿ, ಡಬ್ಬಿ ತುಂಬ ತಿನಿಸ ತಂದಿರ್ತಾರ ನಂಗೂ ಕೊಡ್ತಾರ, ಆದ್ರ ಅವಾಗನ ಹೊಟ್ಟಿ ಕಿವುಚಿದಂಗ ಆಗ್ತೈತಿ. ಊಟ ಅಂದ್ರ ಮೆಸ್‌ನಾಗ ಅನ್ನ ಸಾರು, ವಾರದಾಗ ಎರಡ ಸಲ ಮುದ್ದಿ. ತಿಂತೀನಿ, ಹೊಟ್ಟಿನೂ ತುಂಬತೈತಿ, ಆದ್ರ ರೊಟ್ಟಿ ಇಲ್ದ ಊಟ ಮಾಡಿದಂಗ ಅನಸೂದಿಲ್ಲ. ಕ್ಲಾಸ್ ಒಂದೂ ತಪ್ಪಿಸಿಲ್ಲ.

ಮನ್ನೆ ಶೀಗಿ ಹುಣ್ಣಿವಿ ಇತ್ತು, ಇಂಟರ್ನಲ್ಸ್ ಇದ್ವು ಹೋಗಾಕ ಆಗ್ಲಿಲ್ಲ. ಎಲ್ಲಾರೂ ಬಂಡಿ ಕಟಗೊಂಡ್ ಹೊಲಕ್ಕ ಹೋಗಿ ಚರಗ ಚೆಲ್ಲಿ ಅಲ್ಲೇ ಬನ್ನಿ ಗಿಡದ ಬುಡಕ ಕುಂತು ಉಣ್ಣೂ ಫೋಟೋ ಅಣ್ಣ ಕಳಿಸಿದ್ದ. ಅವತ್ತ ಬಾತ್‌ರೂಮಿನಾಗ ನಳ ಬಿಟಗೊಂಡ ಅತಗೊಂಡ ಬಂದೆ. ಈ ಮೆಸೇಜ್ ಬರದದ್ದೂ ಅದ ರಾತ್ರಿ ಹನ್ನೊಂದೂವರಿಗೆ.

ವಾರ್ಡನ್_ಅಕ್ಕ
ನೋಡಿ ಈಗ ಹೇಳಿದ್ದಕ್ಕೂ ಡ್ರಾಫ್ಟಿಗೂ ಎಷ್ಟು ವ್ಯತ್ಯಾಸ. ಡ್ರಾಫ್ಟಲ್ಲಿ "ನಿದ್ದಿ ಬರವಲ್ದು", ನಿಜದಲ್ಲಿ ಭಾನುವಾರ ರಾತ್ರಿ ಮಾತ್ರ. ಅಲ್ಲಿ "ಊಟ ಸೇರವಲ್ದು", ನಿಜದಲ್ಲಿ ರೊಟ್ಟಿ ಇಲ್ಲ. ರಾತ್ರಿ ಹನ್ನೊಂದೂವರೆಗೆ ಬರೆದದ್ದೆಲ್ಲ ಹೀಗೇ ದೊಡ್ಡದಾಗುತ್ತೆ. ಜ್ವರ ಅಂತ ಮಾತ್ರ ಹೇಳಿ ಎಷ್ಟು ಡಿಗ್ರಿ ಅಂತ ಹೇಳದಿದ್ರೆ ಅಮ್ಮ ನೂರಾ ನಾಲ್ಕು ಅಂತಲೇ ತಿಳ್ಕೊಳ್ಳೋದು. ಅದಕ್ಕೆ ದುಃಖ ಮುಚ್ಚಿಡೋದು ಬೇಡ, ಅಳತೆ ಹೇಳಿ. ಯಾವತ್ತು ಆಗುತ್ತೆ, ಎಷ್ಟೊತ್ತು ಇರುತ್ತೆ, ಏನು ಮಾಡಿದ್ರೆ ಕಮ್ಮಿ ಆಗುತ್ತೆ, ಮರುದಿನ ಹೇಗಿರ್ತೀರಿ. ಭಾನುವಾರ ಸಂಜೆ ಅಂತ ಒಂದು ಗಡಿ ಹಾಕಿಬಿಟ್ರೆ ಅವ್ರ ತಲೇಲಿ ಸೋಮವಾರದಿಂದ ಶನಿವಾರದ ತನಕ ನೀವು ಅಳ್ತಾ ಕೂತಿರಲ್ಲ.

"ಬ್ಯಾಸರ ಆಗಾಕತ್ತೈತಿ" ಅನ್ನೋದನ್ನೂ ತೆಗೀರಿ. ಯಾರ ಮೇಲೆ ಬೇಸರ, ಯಾಕೆ ಬೇಸರ ಅಂತ ನೂರು ಅರ್ಥ ಹುಟ್ಟುತ್ತೆ. ಹೊಲದ ಫೋಟೋ ನೋಡಿ ಮನೆ ನೆನಪಾಯ್ತು ಅಂದ್ರೆ ಬೇರೆ ಅರ್ಥವೇ ಇಲ್ಲ.

ರಾಣೆಬೆನ್ನೂರ_ಅಪ್ಪ
ನಾ ಒಬ್ಬ ಅಪ್ಪ ಆಗಿ ಹೇಳ್ತೇನಿ. ನನ್ನ ಮಗಳು ಧಾರವಾಡದಾಗ ಹಾಸ್ಟೆಲ್‌ನಾಗ ಇದ್ಲು, ಅದೇನ್ ದೂರ ಅಲ್ಲ ಬಿಡ್ರಿ. ಒಂದ್ ದಿನ ಮೆಸೇಜ್ ಬಂತು, "ಪಪ್ಪಾ ನನಗ ಇಲ್ಲಿ ಇರೂಕ ಆಗವಲ್ದು". ಅಷ್ಟ. ನಾ ಫೋನ್ ಮಾಡಿದ್ರ ಎತ್ತವಲ್ಲಳು. ಲ್ಯಾಬಿನ್ಯಾಗ ಇದ್ಲಂತ, ಫೋನ್ ಹೊರಗ ಬ್ಯಾಗಿನ್ಯಾಗ. ಆ ಒಂದೂವರಿ ತಾಸಿನ್ಯಾಗ ನನ್ನ ತಲಿಯೊಳಗ ಏನೇನ್ ಬಂದಿರಬಾರ್ದು, ಜಡ್ಡಾತೇನೋ, ಯಾರರ ಕಾಡಾಕತ್ತಾರೇನೋ, ರೊಕ್ಕ ಕಳಕೊಂಡಾಳೇನೋ, ನಪಾಸಾಗ್ಯಾಳೇನೋ. ಅಂಗಡಿ ಅರ್ಧಕ್ಕ ಮುಚ್ಚಿ ಬಸ್ ಸ್ಟ್ಯಾಂಡಿಗೆ ಹೋಗಿದ್ದೆ.

ಅದಕ್ಕ ತಂಗಿ ನಾ ಹೇಳೂದು ಇಷ್ಟ. ಮೆಸೇಜ್ ಕಳಿಸಿ ಫೋನ್ ಸೈಲೆಂಟ್ ಹಾಕಿ ಮಲಗಬ್ಯಾಡ. ನಿಮ್ಮಪ್ಪ ಹೊಲದಿಂದ ಬಂದು ಕೈಕಾಲ ತೊಳಕೊಂಡು ಉಂಡ ಮ್ಯಾಲ ಕಳಿಸು, ಆಮ್ಯಾಲ ಅರ್ಧ ತಾಸು ಫೋನ್ ಕೈಯಾಗ ಇರಲಿ. ಇನ್ನ ನಾ ಹೇಳಿದ ಆ ಸಂಶೇನೆಲ್ಲ ಒಂದೊಂದ ತಗದು "ಜಡ್ಡಿಲ್ಲ, ಯಾರೂ ಕಾಡಾಕತ್ತಿಲ್ಲ" ಅಂತ ಬರೀಬ್ಯಾಡ, ಬರದ್ರ ಇದ್ದದ್ದ ಖರೆ ಅನಸ್ತೈತಿ. ಬರೂ ಮಾತಿನ್ಯಾಗ ತಾನ ತಿಳೀಬೇಕು. ಪರೀಕ್ಷಾ ಬರದೀನಿ ಅಂದ್ರ ಆರೋಗ್ಯನೂ ತಿಳೀತು ಓದೂದೂ ತಿಳೀತು. ಗೆಳತಿ ಜೋಡಿ ಪ್ಯಾಟಿಗೆ ಹೋಗಿದ್ದೆ ಅಂದ್ರ ಒಬ್ಬಾಕಿನ ಇಲ್ಲ, ಕೈಯಾಗ ರೊಕ್ಕ ಐತಿ ಅನ್ನೂದೂ ತಿಳೀತು.

ಕಾಪು_ಕಡಲು
ನಾನು ಉಡುಪಿ ಕಡೆಯವ ಮಾರಾಯ್ರೆ, ಪುಣೆಯಲ್ಲಿ ಎಂ.ಎಸ್ಸಿ. ನನ್ನದು ಬೇರೆಯೇ ಕಥೆ, ನನಗೆ ಮೀನು ಸಾರು ಇಲ್ಲದೆ ತಲೆ ಕೆಟ್ಟು ಹೋಗಿತ್ತು. ನಾನು ಬರೆಯುವುದೇ ಇಲ್ಲ, ವಾಯ್ಸ್ ನೋಟ್ ಕಳಿಸುವುದು. ಬರೆದದ್ದರಲ್ಲಿ ನಗಾಡಿ ಹೇಳಿದ್ದಾ ಅತ್ತು ಹೇಳಿದ್ದಾ ಗೊತ್ತಾಗುವುದಿಲ್ಲ ಅಲ್ವಾ. ಅಮ್ಮನಿಗೆ ನನ್ನ ಸ್ವರ ಕೇಳಿದ್ರೆ ಸಮಾಧಾನ. ನೀವೂ ವಾಯ್ಸ್ ಕಳಿಸಿ, ಬೆಸ್ಟ್ ಅದು.

ಕರದಂಟು_ಅಮೀನಗಡ
ನಮ್ಮವ್ವಗ ಓದಾಕ ಬರೂದಿಲ್ರೀ, ಅಪ್ಪಂದು ಫೋನು, ಅಪ್ಪನೂ ಕೂಡ್ಸಿ ಕೂಡ್ಸಿ ಓದ್ತಾನ. ಅಣ್ಣ ಇದ್ರ ಅಂವ ಓದಿ ಹೇಳ್ತಾನ. ವಾಯ್ಸ್ ಕಳಸಬಹುದು, ಆದ್ರ ನಮ್ಮಪ್ಪ ಸ್ಪೀಕರಿಗೆ ಹಾಕಿ ಕಟ್ಟಿ ಮ್ಯಾಲ ಕುಂತು ಕೇಳ್ತಾನ, ಓಣಿ ಮಂದಿಗೆಲ್ಲ ಕೇಳಿಸ್ತೈತಿ. ಮರುದಿನ ಮುಂಜಾನೆ ಬಾವಿಕಟ್ಟಿ ತನಕ ಸುದ್ದಿ ಹೋಗಿರ್ತೈತಿ, ಆಕಿ ಮೈಸೂರಾಗ ಅಳಾಕತ್ತಾಳಂತ. ನಮ್ಮ ದೊಡ್ಡಪ್ಪ ಮೊದಲ ಹೆಣ್ಣ ಹುಡುಗೀನ ಅಷ್ಟ ದೂರ ಯಾಕ ಕಳಸ್ತಿ ಅಂದಾಂವ.

ವಾರ್ಡನ್_ಅಕ್ಕ
ಹಾಗಿದ್ರೆ ನಿಮ್ಮ ವಿಷಯದಲ್ಲಿ ವಾಯ್ಸ್ ಬೇಡ. ಕಾಪು ಅವ್ರು ಹೇಳಿದ ಸ್ವರದ ಸಮಾಧಾನ ನಿಜ, ಆದ್ರೆ ಅರ್ಧದಲ್ಲಿ ಗಂಟಲು ಕಟ್ಟಿದ್ರೆ ಆ ಒಂದು ಸೆಕೆಂಡನ್ನೇ ಅಮ್ಮ ಹಿಂದೆ ಮುಂದೆ ಮಾಡಿ ಹತ್ತು ಸಲ ಕೇಳ್ತಾರೆ. ಬರೆದು ಕಳ್ಸಿ, ಮರುದಿನ ಫೋನ್ ಮಾಡ್ತೀನಿ ಅಂತ ಹೊತ್ತು ಹೇಳಿ, ಆ ಹೊತ್ತಿಗೆ ಮಾಡಿ. ಆಗ ಸ್ವರವೂ ಕೇಳಿದ ಹಾಗಾಯ್ತು. ಇನ್ನೊಂದು, ಅಣ್ಣ ಗಟ್ಟಿಯಾಗಿ ಓದಿ ಹೇಳೋದಾದ್ರೆ ಅಪ್ಪ, ಅವ್ವ, ಅಣ್ಣ ಮೂರೂ ಜನ ಕೂತು ಕೇಳೋ ಮೆಸೇಜ್ ಅದು, ಹಾಗೆ ಅಂದ್ಕೊಂಡೇ ಬರೀರಿ. ಅವ್ವನ ಹತ್ರ ಮಾತ್ರ ಹೇಳೋದಿದ್ರೆ ಅದನ್ನ ಫೋನಿಗೆ ಇಟ್ಕೊಳ್ಳಿ.

ಡ್ಯೂಟಿ_ನರ್ಸ್
ನೈಟ್ ಡ್ಯೂಟಿಲಿ ಓದ್ತಾ ಇದೀನಿ. ಕರದಂಟು ಅವ್ರದ್ದು ಹಾಗಿಲ್ಲ ಅನ್ಸುತ್ತೆ, ಆದ್ರೆ ಇದನ್ನ ಬೇರೆಯವ್ರೂ ಓದ್ತಾರೆ ಅಂತ ಹೇಳ್ತಿದೀನಿ. ವಾರಗಟ್ಟಲೆ ದಿನಾ ನಿದ್ದೆ ಇಲ್ಲ, ತೂಕ ಇಳೀತಿದೆ, ಹಾಸಿಗೆ ಬಿಟ್ಟು ಏಳೋಕಾಗ್ತಿಲ್ಲ, ಊರಿಗೆ ಹೋದ್ರೂ ಮನಸ್ಸು ತಿಳಿಯಾಗಲ್ಲ, ಬದುಕೋದೇ ಬೇಡ ಅನ್ಸುತ್ತೆ ಅಂದ್ರೆ ಅದು ಬರೀ ಮನೆ ನೆನಪಲ್ಲ, ಆಗ ಅಪ್ಪ ಅಮ್ಮಂಗೆ ಗಾಬರಿ ಆಗದ ಹಾಗೆ ಅಂತ ಪದ ಹುಡುಕ್ತಾ ಕೂರಬಾರ್ದು, ನೇರ ಹೇಳ್ಬೇಕು. 14416 ಟೆಲಿ ಮಾನಸ್, ಸರ್ಕಾರದ್ದು, 2022ರಲ್ಲಿ ಶುರುವಾಗಿದ್ದು, ದಿನದ 24 ಗಂಟೆ, ಫ್ರೀ, ಕನ್ನಡದಲ್ಲೇ ಮಾತಾಡಬಹುದು. ರ‍್ಯಾಗಿಂಗ್ ಆಗಿದ್ರೆ ಯುಜಿಸಿ ನಂಬರ್ 1800-180-5522, ಮನೇಲಂತೂ ಹೇಳ್ಲೇಬೇಕು. ಗಾಬರಿ ಆದ್ರೆ ಆಗ್ಲಿ ಬಿಡಿ, ಅದು ಗಾಬರಿ ಆಗೋ ವಿಷಯನೇ.

ಕೂಲ್_ಮಗಾ
ನರ್ಸ್ ಮೇಡಂ ಹೇಳಿದ್ದು ಓಕೆ. ಆದ್ರೂ ನಾರ್ಮಲ್ ಹೋಮ್‌ಸಿಕ್‌ನೆಸ್‌ಗೆ ಇಷ್ಟೊಂದ್ ಅನಾಲಿಸಿಸ್ ಬೇಕಾ ಗುರು 😂 ನಮ್ಮಮ್ಮಂಗೆ ಇವತ್ತಿಗೂ ಗೊತ್ತಿಲ್ಲ ನಾನ್ ಅಳ್ತಿದ್ದೆ ಅಂತ.

ರಾಣೆಬೆನ್ನೂರ_ಅಪ್ಪ
ಗೊತ್ತಿರ್ತೈತಿ ತಮ್ಮಾ. ಕೇಳಿ ನೋಡು ಒಂದ್ ಸಲ.

ಕರದಂಟು_ಅಮೀನಗಡ
ಎಲ್ಲಾರ ಮಾತ ಕೇಳಿ ಹೊಸಾದು ಬರದೀನಿ, ಮಧ್ಯಾಹ್ನ ಊಟ ಆದ ಮ್ಯಾಲ ಕುಂತು. ನೋಡ್ರಿ:

"ಅಪ್ಪಾ ಅವ್ವಾ ಊಟ ಆತೇನು? ನಂದು ಆತು, ಇವತ್ತ ಚಪಾತಿ ಇದ್ವು. ಇಂಟರ್ನಲ್ಸ್ ಮುಗದ್ವು, ಕೆಮಿಸ್ಟ್ರಿ ಚೊಲೋ ಆಗೈತಿ, ಗಣಿತ ಅಷ್ಟಕ್ಕಷ್ಟ. ಶೀಗಿ ಹುಣ್ಣಿವಿ ದಿನ ಅಣ್ಣ ಕಳಿಸಿದ ಹೊಲದ ಫೋಟೋ ನೋಡಿ ಮನಿ ಭಾಳ ನೆನಪಾತು, ಅಳುನೂ ಬಂತು. ಐತವಾರ ಸಂಜಿಕ ಹಿಂಗ ಆಗ್ತೈತಿ, ಹಾಸನದ ಗೆಳತಿ ಜೋಡಿ ದೇವರಾಜ ಮಾರ್ಕೆಟ್ ಕಡೆ ತಿರಗ್ಯಾಡಿ ಬಂದ್ರ ಕಡಿಮಿ ಆಗ್ತೈತಿ, ಸೋಮವಾರ ಕ್ಲಾಸಿನ್ಯಾಗ ಇದ್ದಾಗ ನೆನಪ ಇರೂದಿಲ್ಲ. ದೀಪಾವಳಿಗೆ ಬರ್ತೀನಿ. ಅವ್ವಾ ರೊಟ್ಟಿ ಭಾಳ ನೆನಪಾಗ್ತಾವು, ಯಾರರ ಬರಾವ್ರಿದ್ರ ಕಟಿ ರೊಟ್ಟಿ, ಶೇಂಗಾ ಹಿಂಡಿ ಕಳಿಸು. ನಾಳಿ ಸಂಜಿ ಏಳಕ್ಕ ಫೋನ್ ಮಾಡ್ತೀನಿ, ಎಮ್ಮಿ ಈದೈತೋ ಇಲ್ಲೋ ಹೇಳ್ರಿ."

ವಾರ್ಡನ್_ಅಕ್ಕ
ತುಂಬ ಚೆನ್ನಾಗಿದೆ, ಇದನ್ನ ಓದಿದ್ರೆ ಒಬ್ಬ ಹುಡುಗಿ ಬದುಕ್ತಾ ಇರೋದು ಕಾಣುತ್ತೆ. ಒಂದೆರಡು ಕಡೆ ಮಾತ್ರ. "ದೀಪಾವಳಿಗೆ ಬರ್ತೀನಿ" ಅಂದಿದೀರಿ, ಟಿಕೆಟ್ ಆಗಿದೆಯಾ? ವೇಟಿಂಗ್ ಲಿಸ್ಟಲ್ಲಿ ಇಟ್ಕೊಂಡು ಬರ್ತೀನಿ ಅಂದು ಆಮೇಲೆ ಇಲ್ಲ ಅಂದ್ರೆ ಎರಡೂ ಕಡೆ ಅಳು. ಇನ್ನೊಂದು ಅವ್ರು ಏನೂ ಮಾಡಬೇಕಾಗಿಲ್ಲ ಅನ್ನೋದು ಬರ್ಲಿಲ್ಲ. ಅಪ್ಪ ಬಸ್ ಹತ್ತಿಬಿಡ್ತಾರೆ ಅನ್ನೋದೇ ತಾನೇ ನಿಮ್ಮ ಭಯ, ಹಾಗಿದ್ರೆ ನೇರ ಬರೀರಿ, "ನೀವು ಬರೂದೇನ ಬ್ಯಾಡ, ಹೇಳಬೇಕನಸ್ತು ಹೇಳಿದೆ" ಅಂತ. ಚಿಂತೆ ಮಾಡಬೇಡಿ ಅಂದ್ರೆ ಅವ್ರ ಕೈಲಾಗಲ್ಲ, ಬರಬೇಡಿ ಅಂದ್ರೆ ಕೈಲಾಗುತ್ತೆ.

ಅಳು ಬಂತು ಅನ್ನೋದು ಇರ್ಲಿ. ಅದನ್ನ ತೆಗೆದ್ರೆ ಮೆಸೇಜ್ ಯಾಕೆ ಬರೆದ್ರಿ ಅನ್ನೋದೇ ಹೋಯ್ತು.

ರಾಣೆಬೆನ್ನೂರ_ಅಪ್ಪ
ಇಲ್ಲಿ ನಾ ವಾರ್ಡನ್ ಮೇಡಂ ಮಾತಿಗೆ ಒಪ್ಪೂದಿಲ್ರಿ. ಅಳು ಅನ್ನೂ ಅಕ್ಷರ ಕಂಡ್ರ ಅಪ್ಪಂದು ಕಣ್ಣು ಅಲ್ಲೇ ನಿಲ್ಲತೈತಿ, ಕೆಮಿಸ್ಟ್ರಿ ಚಪಾತಿ ಏನೂ ತಲಿಗೆ ಹೋಗೂದಿಲ್ಲ. "ಭಾಳ ನೆನಪಾತು" ಅಂದ್ರ ಸಾಕು, ಅವ್ವಗ ಉಳದದ್ದು ತಾನ ತಿಳೀತೈತಿ. ಫೋನಿನ್ಯಾಗ ಅವ್ವಗ ಒಬ್ಬಾಕಿಗೆ ಹೇಳು ಅಳೂದು.

ವಾರ್ಡನ್_ಅಕ್ಕ
ಅದೇ ಅಣ್ಣ, ಅವ್ವ ಫೋನಲ್ಲಿ "ಅತ್ತೆಯೇನು" ಅಂತ ಕೇಳ್ತಾರೆ, ಇವಳು ಹೂಂ ಅಂತಾಳೆ, ಆಗ "ಮೆಸೇಜಿನಾಗ ಹೇಳಲಿಲ್ಲಲ್ಲ" ಅಂತಾಗುತ್ತೆ. ಮೊದ್ಲು ಮುಚ್ಚಿಟ್ಟು ಆಮೇಲೆ ಹೊರಬಂದದ್ದೇ ಜಾಸ್ತಿ ಚುಚ್ಚೋದು. ಒಂದು ಸಲ ಅಂತ ಬರೆದ್ರೆ ಆಯ್ತಲ್ಲ.

ರಾಣೆಬೆನ್ನೂರ_ಅಪ್ಪ
ನೀವ್ ಹುಡುಗ್ಯಾರ ಕಡೆಯಿಂದ ನೋಡ್ತೀರಿ, ನಾ ಬಸ್ ಸ್ಟ್ಯಾಂಡಿನ್ಯಾಗ ನಿಂತಾಂವ 🙂 ತಂಗಿ ನಿಮ್ಮಪ್ಪನ ಸ್ವಭಾವ ನಿನಗ ಗೊತ್ತು, ನೀನ ನೋಡು.

ಕಾಪು_ಕಡಲು
ರೊಟ್ಟಿ ಕಳಿಸು ಅಂತ ಕೇಳಿದ್ದು ಒಳ್ಳೇದಾಯ್ತು. ಅಮ್ಮಂದಿರಿಗೆ ಏನಾದ್ರೂ ಕೆಲಸ ಕೊಟ್ರೆ ಅವ್ರ ಮಂಡೆಬಿಸಿ ಕಮ್ಮಿ ಆಗ್ತದೆ. ನನ್ನ ಅಮ್ಮ ಉಪ್ಪಿನಕಾಯಿ ಪಾರ್ಸೆಲ್ ಮಾಡಿ ಕಳಿಸಿ, ಅದು ಬ್ಯಾಗಲ್ಲೆಲ್ಲ ಎಣ್ಣೆ ಸೋರಿ ನನ್ನ ಸರ್ಟಿಫಿಕೇಟೆಲ್ಲ ಹಳದಿ ಆದದ್ದು ಬೇರೆ ವಿಷಯ.

ಎಂಜಿನಿಯರ್_ಮಾಮ
ಊಟದ ಸಮಸ್ಯೆ ಅಂದ್ರೆ ಪಿಜಿ ನೋಡ್ಬಹುದಲ್ಲಮ್ಮ, ಉತ್ತರ ಕರ್ನಾಟಕದ ಖಾನಾವಳಿ ಹತ್ರ ಇರೋ ಕಡೆ?

ಕರದಂಟು_ಅಮೀನಗಡ
ಮಾಮಾ 🙏 ಖಾನಾವಳಿ ಐಡಿಯಾ ಚೊಲೋ ಐತಿ, ಐತವಾರಕ್ಕ ಒಂದ್ ಹುಡಕ್ತೀನಿ. ಹಾಸ್ಟೆಲ್ ಬಿಡೂದಿಲ್ಲ.

ಟಿಕೆಟ್ ಕನ್ಫರ್ಮ್ ಐತ್ರಿ ಅಕ್ಕಾರ, ಗೋಲಗುಂಬಜ್ ಎಕ್ಸ್‌ಪ್ರೆಸ್. 60 ದಿನ ಮೊದಲ ಬುಕಿಂಗ್ ಓಪನ್ ಆದ ದಿನಾನ ಅಣ್ಣ ಮಾಡಿಟ್ಟಾನ. ಬಾಗಲಕೋಟಿಯೊಳಗ ಇಳದು ಬಸ್ ಹಿಡಿದ್ರ ಆತು. ಅದಕ್ಕ "ದೀಪಾವಳಿಗೆ ಬರ್ತೀನಿ, ಟಿಕೆಟ್ ಕನ್ಫರ್ಮ್ ಐತಿ, ಅಲ್ಲೀತನಕ ನೀವು ಬರೂದೇನ ಬ್ಯಾಡ, ಹೇಳಬೇಕನಸ್ತು ಹೇಳಿದೆ" ಅಂತ ಹಾಕೀನಿ. ಅಳೂದು "ಅವತ್ತ ಒಂದ್ ಸಲ ಅಳುನೂ ಬಂತು" ಅಂತ ಇಟ್ಟೀನಿ, ರಾಣೆಬೆನ್ನೂರ ಕಾಕಾ ಸಿಟ್ಟಾಗಬ್ಯಾಡ್ರಿ. ಈಗ ಎಂಟ ಗಂಟೆ, ಅಪ್ಪ ಉಂಡಿರ್ತಾನ. ಕಳಿಸಿದೆ.

ಕೂಲ್_ಮಗಾ
ಬ್ಲೂ ಟಿಕ್ ಬಂತಾ?

ಕರದಂಟು_ಅಮೀನಗಡ
ಬಂತು. ಟೈಪಿಂಗ್ ಅಂತ ತೋರಸ್ತೈತಿ, ಮತ್ತ ನಿಲ್ಲತೈತಿ, ಮತ್ತ ತೋರಸ್ತೈತಿ. ನಮ್ಮಪ್ಪ ಒಂದೊಂದ ಅಕ್ಷರ ಹುಡುಕಿ ಒತ್ತಾಂವ.

ಕರದಂಟು_ಅಮೀನಗಡ
ಬಂತ್ರಿ ರಿಪ್ಲೈ 😄 "ಆತವ್ವ. ರೊಕ್ಕ ಅದಾವೇನು. ಎಮ್ಮಿ ಈದಿಲ್ಲ". ಇಷ್ಟ. ಕಾಕಾ ಹೇಳಿದಂಗ ರೊಕ್ಕದ್ದ ಕೇಳಿದ ನೋಡ್ರಿ. ಅದಾದ ಹತ್ತ ನಿಮಿಷಕ್ಕ ಅವ್ವ ಅಣ್ಣನ ಫೋನಿಂದ ಮಾಡಿದ್ಲು, ಅಳೂದ್ರ ಬಗ್ಗೆ ಒಂದ ಮಾತೂ ಕೇಳ್ಲಿಲ್ಲ, ರೊಟ್ಟಿ ಎಷ್ಟ ಕಳಸ್ಲಿ ರೂಮಿನ್ಯಾಗ ಎಷ್ಟ ಮಂದಿ ಅದೀರಿ ಅಂತ ಕೇಳಿದ್ಲು. ಅಪ್ಪ ಬಸ್ ಹತ್ತೂ ಮಾತ ಆಡಿಲ್ಲಂತ, ಆದ್ರ ಮುಂಜಾನೆ ಏನ್ ಮಾಡ್ತಾನೋ ಹೇಳಾಕ ಬರೂದಿಲ್ಲ.

ರಾಣೆಬೆನ್ನೂರ_ಅಪ್ಪ
ಅವ್ವ ಕೇಳ್ಲಿಲ್ಲ ಅಂದ್ರ ಆಕಿಗೆ ಅದ ದೊಡ್ಡದಾಗಿ ಕಂಡೈತಿ ಅಂತಾನೂ ಆಗಬಹುದು. ನಾಳಿ ಏಳಕ್ಕ ಫೋನ್ ಮಾತ್ರ ತಪ್ಪಿಸಬ್ಯಾಡ. ರೊಟ್ಟಿ ಕಟಿ ಮಾಡಿ, ಪೂರ್ತಿ ಆರಿದ ಮ್ಯಾಲ ಅರಬಿಯೊಳಗ ಸುತ್ತಿ ರಟ್ಟಿನ ಡಬ್ಬಿಗೆ ಹಾಕಾಕ ಹೇಳು, ಬಿಸಿ ಇದ್ದಾಗ ಪ್ಲಾಸ್ಟಿಕ್ಕಿಗೆ ಹಾಕಿದ್ರ ಬೂಸ್ಟ ಬರ್ತೈತಿ. ಹಿಂಡಿ ಬ್ಯಾರೆ ಡಬ್ಬಿ.

ವಾರ್ಡನ್_ಅಕ್ಕ
ಮತ್ತೆ ಡಬ್ಬಿ ಮೇಲೆ ನಿಮ್ಮ ಹೆಸರು, ರೂಮ್ ನಂಬರ್ ದೊಡ್ಡದಾಗಿ ಬರೆಸಿ. ಹಾಸ್ಟೆಲ್ ಗೇಟಲ್ಲಿ ರೊಟ್ಟಿ ಪಾರ್ಸೆಲ್ ಬಂದ್ರೆ ಅದು ರೂಮಿಗೆ ಬರೋ ತನಕ ಅರ್ಧ ಖಾಲಿ ಆಗಿರುತ್ತೆ, ನಮ್ಮಲ್ಲಂತೂ ಹಾಗೇ.